ಕಂಬ ಕೂಡಿದರೆ ಕಿಟಕಿ ಕೂಡುವುದಿಲ್ಲ: ಹಳೆಯ ವಿಡಿಯೊದ ಕ್ಯಾಮೆರಾ ಜಾಗವನ್ನು ಮತ್ತೆ ಹುಡುಕುವುದು

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಅಜ್ಜನ ಕಾಲದ ಹೆಂಚಿನ ಮನೆಯನ್ನು ರಿಪೇರಿ ಮಾಡಿಸಿದ್ದೇವೆ. ಜನವರಿಯಲ್ಲಿ ಕೆಲಸ ಶುರುವಾಗುವ ಮುಂಚೆ ನನ್ನ ತಮ್ಮ ಪಡಸಾಲೆಯಲ್ಲಿ ಮೊಬೈಲ್ ಹಿಡಿದು ಒಂದು ವಿಡಿಯೊ ಮಾಡಿದ್ದ. ಈಗ ಅದೇ ಜಾಗದಲ್ಲಿ ನಿಂತು ತೆಗೆದು ಎರಡನ್ನೂ ಜೋಡಿಸಲು ಹೋದರೆ, ಕಂಬ ಸರಿಮಾಡಿದರೆ ಹಿಂದಿನ ಕಿಟಕಿ ತಪ್ಪುತ್ತದೆ, ಕಿಟಕಿ ಸರಿಮಾಡಿದರೆ ಕಂಬ ತಪ್ಪುತ್ತದೆ. ಇದನ್ನು ಎಡಿಟಿಂಗ್‌ನಲ್ಲಿ ಸರಿಪಡಿಸಬಹುದೇ, ಇಲ್ಲ ಮತ್ತೆ ಶೂಟ್ ಮಾಡಬೇಕೇ?

ಉತ್ತರ: ಮತ್ತೆ ಶೂಟ್ ಮಾಡಬೇಕು. ಕಾರಣವನ್ನು ನಿಮ್ಮ ದೂರಿನಲ್ಲೇ ನೀವು ಹೇಳಿಬಿಟ್ಟಿದ್ದೀರಿ. ಹತ್ತಿರದ ಕಂಬ ಮತ್ತು ದೂರದ ಕಿಟಕಿ ಎರಡೂ ಒಂದೇ ದಿಕ್ಕಿಗೆ, ಒಂದೇ ಅಳತೆಯಷ್ಟು ತಪ್ಪಿದ್ದರೆ ಕ್ಯಾಮೆರಾ ಇದ್ದ ಜಾಗ ಸರಿಯಾಗಿದ್ದು ಅದರ ಮುಖ ಮಾತ್ರ ತುಸು ತಿರುಗಿದೆ ಎಂದರ್ಥ. ಅದನ್ನು ಚಿತ್ರವನ್ನು ಸರಿಸಿ, ತಿರುಗಿಸಿ ಸರಿಪಡಿಸಬಹುದು. ಆದರೆ ಒಂದು ಕೂಡಿದಾಗ ಇನ್ನೊಂದು ತಪ್ಪುತ್ತಿದೆ ಎಂದರೆ ಕ್ಯಾಮೆರಾ ಇದ್ದ ಜಾಗವೇ ಬೇರೆ. ಕಂಬವು ಕಿಟಕಿಯ ಯಾವ ಭಾಗವನ್ನು ಮರೆಮಾಡುತ್ತದೆ ಎಂಬುದನ್ನು ನಿರ್ಧರಿಸುವುದು ಕ್ಯಾಮೆರಾ ನಿಂತ ಸ್ಥಳವೊಂದೇ. ಜೂಮ್ ಮಾಡಿದರೆ ಎರಡೂ ಒಟ್ಟಿಗೆ ದೊಡ್ಡದಾಗುತ್ತವೆಯೇ ಹೊರತು ಅವುಗಳ ನಡುವಿನ ಸಂಬಂಧ ಬದಲಾಗುವುದಿಲ್ಲ, ಹಾಗಾಗಿ ಯಾವ ಎಡಿಟಿಂಗ್ ಆ್ಯಪ್‌ನಲ್ಲೂ ಇದಕ್ಕೆ ಸರಿಯಾದ ಮದ್ದಿಲ್ಲ.

"ಅದೇ ಜಾಗದಲ್ಲಿ ನಿಂತು" ಎಂದು ನೀವು ಬರೆದಿದ್ದೀರಿ. ನೀವು ನಿಂತಿದ್ದು ನಿಜವಾಗಿಯೂ ಅದೇ ಜಾಗದ ಹತ್ತಿರವೇ ಇರಬಹುದು. ತೊಂದರೆ ಎಂದರೆ ಇಲ್ಲಿ ಅಂಗೈ ಅಗಲದ ವ್ಯತ್ಯಾಸವೂ ಕಣ್ಣಿಗೆ ಹೊಡೆಯುತ್ತದೆ. ಕಂಬ 2 ಮೀಟರ್ ದೂರದಲ್ಲಿ, ಕಿಟಕಿ 5 ಮೀಟರ್ ದೂರದಲ್ಲಿ ಇದೆ ಎಂದುಕೊಳ್ಳಿ. ಮೊಬೈಲಿನ ಮುಖ್ಯ ಕ್ಯಾಮೆರಾದಲ್ಲಿ ತೆಗೆದ ಸಾಮಾನ್ಯ ಫುಲ್ ಎಚ್‌ಡಿ ವಿಡಿಯೊದಲ್ಲಿ, ಕ್ಯಾಮೆರಾ ಪಕ್ಕಕ್ಕೆ 5 ಸೆಂಟಿಮೀಟರ್ ಸರಿದರೆ ಕಿಟಕಿಗೆ ಹೋಲಿಸಿದಾಗ ಕಂಬ ಸುಮಾರು 24 ಪಿಕ್ಸೆಲ್‌ನಷ್ಟು ಜರುಗುತ್ತದೆ. ಹಳೆಯ ಚಿತ್ರ ಕರಗಿ ಹೊಸದು ಮೂಡುವ ಹೊತ್ತಿಗೆ ಕಂಬ ಕುಣಿದಂತೆ ಕಾಣಲು ಅಷ್ಟೇ ಸಾಕು. ಕಾಲಿನ ಅಂದಾಜಿನಲ್ಲಿ ನಿಂತು ಕೈಯಲ್ಲಿ ಹಿಡಿದು ತೆಗೆಯುವವರಿಗೆ ಇಷ್ಟು ನಿಖರತೆ ಸಿಗುವುದು ಕಷ್ಟ. ಆದ್ದರಿಂದ ಜಾಗವನ್ನು ಹಳೆಯ ಚಿತ್ರದಿಂದಲೇ ಅಳೆದು ತೆಗೆಯಬೇಕು.

ಮೊದಲು ತಮ್ಮನ ಫೋನಿನಲ್ಲಿರುವ ಮೂಲ ಫೈಲನ್ನು ಪಡೆಯಿರಿ. ವಾಟ್ಸಾಪ್‌ನಲ್ಲಿ ಸಾಧಾರಣವಾಗಿ ಬಂದ ವಿಡಿಯೊ ಕುಗ್ಗಿರುತ್ತದೆ, ತೆಗೆದ ದಿನ ಮತ್ತು ಸಮಯದ ವಿವರವೂ ಅದರಲ್ಲಿ ಉಳಿದಿರುವುದಿಲ್ಲ. ಆ ವಿವರ ಮುಂದೆ ಬೇಕಾಗುತ್ತದೆ. ಆ ವಿಡಿಯೊವನ್ನು ಮೊದಲಿನಿಂದ ಕೊನೆಯವರೆಗೂ ಜೋಡಿಸಲು ಹೋಗಬೇಡಿ. ನಡೆಯುತ್ತಾ ತೆಗೆದದ್ದನ್ನು ಹೆಜ್ಜೆ ಹೆಜ್ಜೆಗೂ ಕೂಡಿಸುವುದು ಯಂತ್ರದ ಸಹಾಯವಿಲ್ಲದೆ ಆಗದ ಮಾತು, ನೋಡುವವರಿಗೆ ಅದರ ಅಗತ್ಯವೂ ಇಲ್ಲ. ಹಳೆಯದು ಹೋಗಿ ಹೊಸದು ಬರುವ ಆ ಒಂದು ಕ್ಷಣ ಕೂಡಿದರೆ ಸಾಕು. ತಮ್ಮ ಎಲ್ಲಿ ಒಂದೆರಡು ಸೆಕೆಂಡು ನಿಂತಿದ್ದಾನೆ, ಕೈ ಎಲ್ಲಿ ಕಡಿಮೆ ಅಲುಗಿದೆ ಎಂದು ನೋಡಿ, ಅಲ್ಲಿಂದ ಒಂದು ಫ್ರೇಮನ್ನು ಚಿತ್ರವಾಗಿ ಉಳಿಸಿಕೊಳ್ಳಿ. ಅದನ್ನು ಎ4 ಹಾಳೆಯ ತುಂಬ ಪ್ರಿಂಟ್ ಮಾಡಿಸಿ. ಪರದೆಯ ಮೇಲೆ ಬೆರಳಾಡಿಸುವುದಕ್ಕಿಂತ ಹಾಳೆಯ ಮೇಲೆ ಸ್ಕೇಲ್ ಇಟ್ಟು ಅಳೆಯುವುದು ಎಷ್ಟೋ ಸಲೀಸು.

ಆ ಹಾಳೆಯ ಮೇಲೆ ರಿಪೇರಿಯ ನಂತರವೂ ಉಳಿದಿರುವ ವಸ್ತುಗಳನ್ನು ಮಾತ್ರ ಗುರುತು ಮಾಡಿ: ಮರದ ಕಂಬ, ಅದರ ಕೆಳಗಿನ ಕಲ್ಲು, ಮೇಲಿನ ಬೋದಿಗೆ, ತೊಲೆ, ಬದಲಾಯಿಸದ ಕಿಟಕಿಯ ಚೌಕಟ್ಟು. ನೆಲ, ಗೋಡೆಯ ಮೇಲ್ಮೈ, ಸ್ವಿಚ್ ಬೋರ್ಡು, ಹೊಸದಾಗಿ ಇಳಿಸಿದ ಛಾವಣಿ ಇವು ಯಾವುವೂ ಸಾಕ್ಷಿಗೆ ಬರುವುದಿಲ್ಲ. ಇದನ್ನು ನಾನು ಕಲಿತದ್ದು ಪೆಟ್ಟು ತಿಂದು. ಚಿಕ್ಕಮಗಳೂರಿನ ಒಂದು ಮನೆಯಲ್ಲಿ ಕೆಲಸ ಶುರುವಾಗುವ ಮುಂಚೆ ಟ್ರೈಪಾಡಿನ ಮೂರು ಕಾಲುಗಳ ಕೆಳಗೂ ಟೇಪ್ ಅಂಟಿಸಿ, ಇನ್ನು ಚಿಂತೆಯಿಲ್ಲ ಎಂದು ಬಂದಿದ್ದೆ. ಐದು ತಿಂಗಳ ನಂತರ ಹೋದಾಗ ಟೇಪ್ ಮಾತ್ರವಲ್ಲ, ಆ ನೆಲವನ್ನೇ ಅಗೆದು ಟ್ರ್ಯಾಕ್ಟರಿನಲ್ಲಿ ಸಾಗಿಸಿಯಾಗಿತ್ತು.

ಈಗ ಜಾಗ ಹುಡುಕುವ ಕೆಲಸ. ಹಳೆಯ ಚಿತ್ರದಲ್ಲಿ ಹತ್ತಿರದ ವಸ್ತುವಿನ ಒಂದು ಅಂಚು ದೂರದ ವಸ್ತುವಿನ ಒಂದು ಅಂಚಿಗೆ ತಾಗಿದಂತೆ ಕಾಣುವ ಸ್ಥಳವನ್ನು ನೋಡಿ. ಉದಾಹರಣೆಗೆ ಕಂಬದ ಬಲ ಅಂಚು ಹಿಂದಿನ ಕಿಟಕಿ ಚೌಕಟ್ಟಿನ ಎಡ ಅಂಚಿಗೆ ಸರಿಯಾಗಿ ಕೂಡಿರಬಹುದು. ಹಾಗಿದ್ದರೆ ಕಿಟಕಿಯ ಆ ಅಂಚು, ಕಂಬದ ಆ ಅಂಚು, ತಮ್ಮನ ಮೊಬೈಲಿನ ಲೆನ್ಸ್ ಈ ಮೂರೂ ಒಂದೇ ನೇರದಲ್ಲಿದ್ದವು. ಗಾರೆ ಕೆಲಸದವರು ಗೋಡೆ ಎಬ್ಬಿಸುವಾಗ ಕಟ್ಟುವ ನೂಲನ್ನು ತೆಗೆದುಕೊಂಡು ಕಿಟಕಿಯ ಅಂಚಿಗೆ ಒಂದು ತುದಿ ಹಿಡಿದು, ಕಂಬದ ಅಂಚನ್ನು ಸವರಿಕೊಂಡು ಹೋಗುವಂತೆ ಈಚೆಗೆ ಬಿಗಿಯಾಗಿ ಎಳೆಯಿರಿ. ಲೆನ್ಸ್ ಆ ನೂಲಿನ ಮೇಲೆ ಎಲ್ಲೋ ಒಂದು ಕಡೆ ಇತ್ತು. ಚಿತ್ರದ ಇನ್ನೊಂದು ಬದಿಯಲ್ಲಿ ಇಂಥದೇ ಎರಡನೆಯ ಜೋಡಿ ಸಿಕ್ಕಿದರೆ ಅದಕ್ಕೂ ನೂಲು ಎಳೆಯಿರಿ. ಎರಡು ನೂಲುಗಳು ಒಂದನ್ನೊಂದು ಹಾಯುವಲ್ಲಿ ಲೆನ್ಸ್ ಇತ್ತು. ಅಲ್ಲಿಂದ ತೂಕದ ಗುಂಡು ಇಳಿಬಿಟ್ಟು ನೆಲದಲ್ಲಿ ಗುರುತು ಹಾಕಿ. ಲೆಕ್ಕ, ಆ್ಯಪ್ ಯಾವುದೂ ಬೇಕಿಲ್ಲ. ಅಂಚುಗಳು ಸರಿಯಾಗಿ ತಾಗದೆ, ಕಂಬವು ಕಿಟಕಿಯ ಎರಡನೆಯ ಸರಳಿನವರೆಗೆ ಮುಚ್ಚಿದೆ ಎಂದಿದ್ದರೂ ಆದೀತು. ಆಗ ನೂಲನ್ನು ಆ ಸರಳಿನಿಂದ ಎಳೆಯಬೇಕು.

ಅನೇಕ ಪಡಸಾಲೆಗಳಲ್ಲಿ ಎರಡನೆಯ ಜೋಡಿ ಸಿಗುವುದಿಲ್ಲ. ಆಗ ನೂಲಿನ ಮೇಲೆ ಎಷ್ಟು ಹಿಂದಕ್ಕೆ ಎಂಬುದನ್ನು ಲೆಕ್ಕದಿಂದ ತಿಳಿಯಬೇಕು, ಅದಕ್ಕೆ ಗುಣಾಕಾರ ಭಾಗಾಕಾರ ಬಂದರೆ ಸಾಕು. ಬೇಲೂರು ಕಡೆಯ ಒಂದು ಮನೆಯಲ್ಲಿ ನಾನು ಮಾಡಿದ್ದನ್ನೇ ಹೇಳುತ್ತೇನೆ. ಅಲ್ಲಿ ಕಂಬದ ನಿಜವಾದ ಅಗಲ 20 ಸೆಂಟಿಮೀಟರ್, ಪ್ರಿಂಟಿನಲ್ಲಿ ಅದು 24 ಮಿಲಿಮೀಟರ್ ಇತ್ತು. ಅಂದರೆ ಕಂಬದ ಒಂದೊಂದು ಸೆಂಟಿಮೀಟರಿಗೂ ಹಾಳೆಯಲ್ಲಿ 1.2 ಮಿಲಿಮೀಟರ್. ಹಿಂದಿನ ಕಿಟಕಿಯ ಅಗಲ 90 ಸೆಂಟಿಮೀಟರ್, ಪ್ರಿಂಟಿನಲ್ಲಿ 43 ಮಿಲಿಮೀಟರ್. ಅಂದರೆ ಸೆಂಟಿಮೀಟರಿಗೆ ಸುಮಾರು 0.48. ದೂರ ಹೆಚ್ಚಿದಷ್ಟೂ ವಸ್ತು ಅದೇ ಪ್ರಮಾಣದಲ್ಲಿ ಚಿಕ್ಕದಾಗಿ ಕಾಣುವುದರಿಂದ 1.2 ಅನ್ನು 0.48ರಿಂದ ಭಾಗಿಸಿದರೆ ಬರುವ 2.5 ಎಂಬ ಸಂಖ್ಯೆಯು, ಕಿಟಕಿಯು ಕಂಬಕ್ಕಿಂತ ಕ್ಯಾಮೆರಾದಿಂದ ಎರಡೂವರೆ ಪಟ್ಟು ದೂರದಲ್ಲಿತ್ತು ಎಂದು ಹೇಳುತ್ತದೆ. ಕಂಬದಿಂದ ಕಿಟಕಿಗೆ ಟೇಪ್ ಹಿಡಿದಾಗ 3 ಮೀಟರ್ ಬಂತು. ಕ್ಯಾಮೆರಾದಿಂದ ಕಂಬಕ್ಕೆ ಒಂದು ಪಾಲು, ಕಂಬದಿಂದ ಕಿಟಕಿಗೆ ಒಂದೂವರೆ ಪಾಲು. ಒಂದೂವರೆ ಪಾಲು 3 ಮೀಟರ್ ಆದರೆ ಒಂದು ಪಾಲು 2 ಮೀಟರ್. ಕ್ಯಾಮೆರಾ ಕಂಬದಿಂದ 2 ಮೀಟರ್ ಈಚೆಗೆ ಇತ್ತು. ಈ ಲೆಕ್ಕದಲ್ಲಿ ಫೋನ್ ಯಾವುದು, ಲೆನ್ಸ್ ಯಾವುದು, ಪ್ರಿಂಟ್ ಎಷ್ಟು ದೊಡ್ಡದು ಎಂಬುದು ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. ಕಂಬ ಮತ್ತು ಕಿಟಕಿ ಎರಡೂ ಕ್ಯಾಮೆರಾಕ್ಕೆ ಹೆಚ್ಚುಕಡಿಮೆ ಎದುರಾಗಿರಬೇಕು ಎಂಬುದೊಂದೇ ಷರತ್ತು. ಓರೆಯಾಗಿ ಕಾಣುವ ಪಕ್ಕದ ಗೋಡೆಯ ಕಿಟಕಿಯನ್ನು ಇದಕ್ಕೆ ಬಳಸಬಾರದು.

ಈ ಲೆಕ್ಕದ ಬಲಹೀನ ಜಾಗ ಕಂಬದ ಅಳತೆ. ಕಿಟಕಿಯನ್ನು ಹಾಳೆಯಲ್ಲಿ 1 ಮಿಲಿಮೀಟರ್ ತಪ್ಪಾಗಿ ಅಳೆದರೆ ಉತ್ತರ ಸುಮಾರು 8 ಸೆಂಟಿಮೀಟರ್ ತಪ್ಪುತ್ತದೆ. ಕಂಬವನ್ನು ಅಷ್ಟೇ ತಪ್ಪಾಗಿ ಅಳೆದರೆ 14 ಸೆಂಟಿಮೀಟರ್ ತಪ್ಪುತ್ತದೆ. ಚಿಕ್ಕದಾಗಿ ಕಾಣುವ ವಸ್ತುವನ್ನು ಅಳೆಯುವಾಗ ಸ್ಕೇಲಿನ ಒಂದು ಗೆರೆಯೇ ದೊಡ್ಡ ಪಾಲಾಗುತ್ತದೆ. ನಿಮ್ಮ ಚಿತ್ರದಲ್ಲಿ ಒಂದೇ ಸಾಲಿನ ಎರಡು ಕಂಬಗಳು ಎದುರಾಗಿ ಕಾಣುತ್ತಿದ್ದರೆ ಒಂದು ಕಂಬದ ಅಗಲದ ಬದಲು ಅವೆರಡರ ನಡುವಿನ ಅಂತರವನ್ನು ಅಳೆಯಿರಿ, ತಪ್ಪು ತಾನಾಗಿಯೇ ಕಡಿಮೆಯಾಗುತ್ತದೆ. ಏನೇ ಆದರೂ ಲೆಕ್ಕ ನಿಮ್ಮನ್ನು ಒಂದು ಗೇಣಿನೊಳಗೆ ತಂದು ನಿಲ್ಲಿಸುತ್ತದೆ. ಉಳಿದದ್ದನ್ನು ಕಣ್ಣಿನಿಂದ ಸರಿಮಾಡಿಕೊಳ್ಳಬೇಕು.

ಎತ್ತರಕ್ಕೆ ಬೇರೆ ಗುರುತು ಇದೆ. ಕ್ಯಾಮೆರಾದಿಂದ ದೂರ ಸಾಗುವ ಪಕ್ಕದ ಗೋಡೆಯನ್ನು ಚಿತ್ರದಲ್ಲಿ ನೋಡಿ. ಲೆನ್ಸಿಗಿಂತ ಮೇಲಿರುವ ಅಡ್ಡಗೆರೆಗಳು, ಅಂದರೆ ಬಾಗಿಲ ತಲೆ, ತೊಲೆಯ ಅಂಚು ಮುಂತಾದವು ದೂರ ಹೋದಂತೆ ಕೆಳಗಿಳಿಯುತ್ತವೆ. ಲೆನ್ಸಿಗಿಂತ ಕೆಳಗಿರುವವು ಮೇಲೇರುತ್ತವೆ. ಏರದೆ ಇಳಿಯದೆ ಮಟ್ಟವಾಗಿ ಕಾಣುವ ಗೆರೆ ಯಾವುದೋ ಅದೇ ಲೆನ್ಸಿನ ಎತ್ತರ. ಫೋನ್ ಪಕ್ಕಕ್ಕೆ ವಾಲದಿದ್ದರೆ ಸಾಕು, ಮೇಲಕ್ಕೋ ಕೆಳಕ್ಕೋ ಬಾಗಿದ್ದರೂ ಈ ಗುರುತು ಕೆಡುವುದಿಲ್ಲ. ಬೇಲೂರಿನ ಮನೆಯಲ್ಲಿ ದೀಪದ ಗೂಡಿನ ತಳ ಹಾಗೆ ಮಟ್ಟವಾಗಿ ಕಾಣುತ್ತಿತ್ತು. ಹಳೆಯ ನೆಲದಿಂದ ಅದು 138 ಸೆಂಟಿಮೀಟರ್ ಎತ್ತರದಲ್ಲಿತ್ತು ಎಂದು ಮನೆಯವರು ಬರೆದಿಟ್ಟಿದ್ದ ಅಳತೆಯಿಂದ ತಿಳಿಯಿತು. ಇಲ್ಲಿ ಬಹಳ ಜನ ಎಡವುವ ಸಂಗತಿ ಒಂದಿದೆ. ಕೆಂಪು ಗಾರೆಯ ನೆಲದ ಮೇಲೆಯೇ ಸಿಮೆಂಟ್ ಹಾಸಿ ಟೈಲ್ಸ್ ಕೂರಿಸಿದ್ದರೆ ನೆಲ ಮೇಲೆದ್ದಿರುತ್ತದೆ. ಆ ಮನೆಯಲ್ಲಿ 5 ಸೆಂಟಿಮೀಟರ್ ಎದ್ದಿತ್ತು, ಆದ್ದರಿಂದ ಟ್ರೈಪಾಡಿನಲ್ಲಿ ಲೆನ್ಸನ್ನು ಹೊಸ ನೆಲದಿಂದ 133ಕ್ಕೆ ಇಳಿಸಿದೆ. ನೆಲ ಎಷ್ಟು ಎದ್ದಿದೆ ಎಂಬುದು ಗೊತ್ತಿಲ್ಲದಿದ್ದರೆ ಕಂಬದ ಕಲ್ಲನ್ನು ನೋಡಿ: ಹಳೆಯ ಚಿತ್ರದಲ್ಲಿ ಕಾಣುವಷ್ಟು ಕಲ್ಲು ಈಗ ನೆಲದ ಮೇಲೆ ಉಳಿದಿದೆಯೇ, ಎಷ್ಟು ಮುಳುಗಿದೆ ಎಂದು ಅದೇ ಹೇಳುತ್ತದೆ.

ಟ್ರೈಪಾಡನ್ನು ಗುರುತಿನ ಮೇಲೆ ನಿಲ್ಲಿಸುವಾಗ ನೆನಪಿಡಬೇಕಾದ್ದು, ಗುರುತಿನ ಮೇಲೆ ಬರಬೇಕಾದ್ದು ಲೆನ್ಸ್, ಟ್ರೈಪಾಡಿನ ನಡುಕಂಬವಲ್ಲ. ಅಡ್ಡಲಾಗಿ ಹಿಡಿದ ಮೊಬೈಲಿನಲ್ಲಿ ಲೆನ್ಸ್ ಒಂದು ಮೂಲೆಯಲ್ಲಿದ್ದು ನಡುವಿನಿಂದ ನಾಲ್ಕೈದು ಸೆಂಟಿಮೀಟರ್ ಆಚೆ ಇರುತ್ತದೆ, ಅದು ಮೇಲೆ ಹೇಳಿದ 24 ಪಿಕ್ಸೆಲ್ ತಪ್ಪಿಗೆ ಹತ್ತಿರಹತ್ತಿರವೇ ಆಯಿತು. ತೂಕದ ಗುಂಡಿನ ದಾರವನ್ನು ಲೆನ್ಸಿನ ಪಕ್ಕಕ್ಕೇ ಹಿಡಿದು ನೋಡಿ.

ಸಾಧ್ಯವಾದರೆ ತಮ್ಮನ ಅದೇ ಫೋನಿನಲ್ಲಿ, ಫೋಟೊ ಅಲ್ಲದೆ ವಿಡಿಯೊವನ್ನೇ, ಹಳೆಯದು ಇದ್ದ ರೆಸಲ್ಯೂಷನ್ ಮತ್ತು ಫ್ರೇಮ್ ರೇಟ್‌ನಲ್ಲೇ ತೆಗೆಯಿರಿ. ವಿಡಿಯೊದ ಅಲುಗಾಟ ತಡೆಯುವ ಸ್ಟೆಬಿಲೈಸೇಷನ್ ಚಿತ್ರದ ಅಂಚುಗಳನ್ನು ಕತ್ತರಿಸುವುದರಿಂದ ಫೋಟೊಕ್ಕಿಂತ ವಿಡಿಯೊದಲ್ಲಿ ಕಡಿಮೆ ಜಾಗ ಕಾಣುತ್ತದೆ. ಬೇರೆ ಫೋನ್ ಆದರೂ ಹೆದರಬೇಕಿಲ್ಲ. ಲೆನ್ಸ್ ಇರುವ ಜಾಗ ಸರಿಯಿದ್ದರೆ ತುಸು ಅಗಲವಾಗಿ 4ಕೆಯಲ್ಲಿ ತೆಗೆದು, ಕೊನೆಯ ವಿಡಿಯೊವನ್ನು ಫುಲ್ ಎಚ್‌ಡಿಯಲ್ಲಿ ಮಾಡಿದರೆ, ಎರಡು ಪಟ್ಟು ಹಿಗ್ಗಿಸುವವರೆಗೂ ಸ್ಪಷ್ಟತೆ ಕೆಡದೆ ಅಳತೆ ಕೂಡಿಸಬಹುದು. ಮುಖ್ಯ ಲೆನ್ಸ್ ಬಿಟ್ಟು 0.5 ಎಂದು ತೋರಿಸುವ ಅಗಲ ಲೆನ್ಸಿನಲ್ಲಿ ಮಾತ್ರ ತೆಗೆಯಬೇಡಿ, ಅಂಚಿನ ಕಂಬಗಳು ಹಿಗ್ಗಿ ಹಳೆಯದರೊಂದಿಗೆ ಎಂದೂ ಕೂಡುವುದಿಲ್ಲ. ತಮ್ಮ ಜನವರಿಯಲ್ಲಿ ಅಗಲ ಲೆನ್ಸಿನಲ್ಲೇ ತೆಗೆದಿದ್ದರೆ ಆಗ ನೀವೂ ಅದನ್ನೇ ಬಳಸಬೇಕಾಗುತ್ತದೆ.

ಸ್ಥಳದಲ್ಲೇ ಪರೀಕ್ಷಿಸಲು ನನ್ನ ಹಳೆಯ ಉಪಾಯವೊಂದಿದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಫೋನಿನ ಪರದೆಯ ಅಳತೆಗೆ ಕತ್ತರಿಸಿ, ಪರದೆಯಲ್ಲಿ ಹಳೆಯ ಫ್ರೇಮನ್ನು ಪೂರ್ತಿಯಾಗಿ ತೆರೆದು, ಹಾಳೆಯನ್ನು ಅದರ ಮೇಲೆ ಅಂಟಿಸಿ, ಕಂಬದ ಎರಡು ಅಂಚು, ಕಿಟಕಿಯ ನಾಲ್ಕು ಮೂಲೆ, ತೊಲೆಯ ಕೆಳಗೆರೆ ಇಷ್ಟನ್ನು ಸಣ್ಣ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯಿರಿ. ಹಾಳೆಯನ್ನು ಹಾಗೆಯೇ ಬಿಟ್ಟು ಕ್ಯಾಮೆರಾ ತೆರೆಯಿರಿ. ರೆಕಾರ್ಡಿಂಗ್ ಪರದೆಯಲ್ಲಿ ಚಿತ್ರ ಕಾಣುವ ಚೌಕ ಮೊದಲಿನಷ್ಟೇ ಇದೆಯೇ ಎಂದು ಮಾತ್ರ ನೋಡಿಕೊಳ್ಳಿ, ಕೆಲವು ಫೋನುಗಳಲ್ಲಿ ಅದು ಗ್ಯಾಲರಿಗಿಂತ ಚಿಕ್ಕದಾಗಿರುತ್ತದೆ. ಈಗ ಗೆರೆಗಳಿಗೆ ನೋಟವನ್ನು ಕೂಡಿಸುವಾಗ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಫೋನಿನ ಮುಖ ತಿರುಗಿಸಿ ಕಿಟಕಿಯನ್ನು ಅದರ ಗೆರೆಗೆ ಕೂರಿಸಿ. ಆಮೇಲೆ ಕಂಬವನ್ನು ನೋಡಿ. ಕಂಬ ತನ್ನ ಗೆರೆಗಿಂತ ಬಲಕ್ಕೆ ನಿಂತಿದ್ದರೆ ಟ್ರೈಪಾಡನ್ನು ಬಲಕ್ಕೆ ಸರಿಸಬೇಕು, ಎಡಕ್ಕಿದ್ದರೆ ಎಡಕ್ಕೆ. ಕಿಟಕಿ ಸರಿಯಿದ್ದು ಕಂಬ ಗೆರೆಗಿಂತ ದಪ್ಪವಾಗಿ ಕಂಡರೆ ಹಿಂದಕ್ಕೆ ಸರಿಯಬೇಕು, ತೆಳುವಾಗಿ ಕಂಡರೆ ಮುಂದಕ್ಕೆ. ಒಂದೊಂದು ಸಲ ಸರಿಸಿದಾಗಲೂ ಕಿಟಕಿಯನ್ನು ಮತ್ತೆ ಗೆರೆಗೆ ಕೂರಿಸಿಕೊಂಡೇ ಕಂಬವನ್ನು ನೋಡಬೇಕು. ಎರಡನ್ನೂ ಒಟ್ಟಿಗೆ ಸರಿಮಾಡಲು ಹೊರಟರೆ ಸಂಜೆಯಾಗುತ್ತದೆ. ಹೀಗೆ ಮಾಡಿದರೆ ನಾಲ್ಕೈದು ಸುತ್ತಿನಲ್ಲಿ ಮುಗಿಯುತ್ತದೆ.

ಬೆಳಕಿನ ವಿಷಯ ನೀವು ಕೇಳಿಲ್ಲ, ಆದರೆ ಮಲೆನಾಡಿನ ಹೆಂಚಿನ ಮನೆಯಲ್ಲಿ ಗಾಜಿನ ಹೆಂಚೋ ತೊಟ್ಟಿಯೋ ಇದ್ದರೆ ಅದನ್ನು ಬಿಡುವಂತಿಲ್ಲ. ನಮ್ಮ ಹಾಸನ ಜಿಲ್ಲೆ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜನವರಿ ನಡುವಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ 34 ಡಿಗ್ರಿಯಷ್ಟು ದಕ್ಷಿಣಕ್ಕೆ ಇರುತ್ತಾನೆ. 4 ಮೀಟರ್ ಎತ್ತರದ ಗಾಜಿನ ಹೆಂಚಿನಿಂದ ಬಿದ್ದ ಬಿಸಿಲಿನ ಚೌಕ ಆಗ ಸುಮಾರು 2.7 ಮೀಟರ್ ಉತ್ತರಕ್ಕೆ ಬೀಳುತ್ತದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುವಿನವರೆಗೆ ನಮ್ಮಲ್ಲಿ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುವುದರಿಂದ ಜೂನ್‌ನಲ್ಲಿ ಅದೇ ಚೌಕ ಹೆಂಚಿನ ಕೆಳಗಿನಿಂದ ಮುಕ್ಕಾಲು ಮೀಟರ್ ದಕ್ಷಿಣಕ್ಕೆ ಬೀಳುತ್ತದೆ, ಅದೂ ಮಳೆಗಾಲದ ಮೋಡ ಬಿಟ್ಟುಕೊಟ್ಟರೆ. ಕಂಬ ಕಿಟಕಿ ಎಷ್ಟೇ ಕೂಡಿದರೂ ಗೋಡೆಯ ಮೇಲಿದ್ದ ಬಿಸಿಲು ನೆಲಕ್ಕೆ ಹಾರಿದರೆ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಹಳೆಯ ವಿಡಿಯೊದಲ್ಲಿ ನೇರ ಬಿಸಿಲು ಬಿದ್ದಿಲ್ಲದಿದ್ದರೆ ಮೋಡ ಕವಿದ ಯಾವ ದಿನವಾದರೂ ಆದೀತು. ಬಿಸಿಲಿನ ಚೌಕ ಇದ್ದು ಅದು ನಿಮಗೆ ಬೇಕೇ ಬೇಕು ಎಂದಾದರೆ ಮುಂದಿನ ಜನವರಿಯವರೆಗೆ ಕಾಯಬೇಕಿಲ್ಲ. ಜನವರಿ 15ರ ಸುಮಾರಿನ ಸೂರ್ಯ ನವೆಂಬರ್ ಕೊನೆಯ ವಾರದಲ್ಲೇ ಅದೇ ಹಾದಿಯಲ್ಲಿ ಸಾಗುತ್ತಾನೆ. ಗಡಿಯಾರ ಮಾತ್ರ ಸ್ವಲ್ಪ ಬೇರೆ. ಜನವರಿ ನಡುವಿನಲ್ಲಿ ಹಾಸನದಲ್ಲಿ ನಿಜವಾದ ನಡುಹಗಲು 12 ಗಂಟೆ 35 ನಿಮಿಷದ ಹೊತ್ತಿಗೆ ಬಂದರೆ ನವೆಂಬರ್ ಕೊನೆಯಲ್ಲಿ 12 ಗಂಟೆ 13ರ ಹೊತ್ತಿಗೇ ಬರುತ್ತದೆ. ಮೂಲ ಫೈಲಿನಲ್ಲಿರುವ ಸಮಯಕ್ಕಿಂತ 20 ನಿಮಿಷ ಮುಂಚೆಯೇ ಟ್ರೈಪಾಡ್ ಹೂಡಿ ಸಿದ್ಧರಾಗಿರಿ. ರೆಕಾರ್ಡ್ ಮಾಡುವ ಮುಂಚೆ ಪರದೆಯನ್ನು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ, ಇಲ್ಲವಾದರೆ ಮೋಡ ಸರಿದಂತೆಲ್ಲ ಚಿತ್ರ ಏರಿಳಿಯುತ್ತದೆ.

ಎಡಿಟಿಂಗ್‌ನಲ್ಲಿ ಹಳೆಯ ಕ್ಲಿಪ್ಪನ್ನು ಮೇಲಿನ ಪದರದಲ್ಲಿ ಇಟ್ಟು ಅಪಾಸಿಟಿಯನ್ನು 50ಕ್ಕೆ ಇಳಿಸಿ, ಕೆಳಗಿನ ಹೊಸ ಕ್ಲಿಪ್ಪನ್ನು ಮಾತ್ರ ಸರಿಸಿ, ಹಿಗ್ಗಿಸಿ, ತಿರುಗಿಸಿ ಕೂಡಿಸಿ. ಆ್ಯಪ್‌ನಲ್ಲಿ ಡಿಫರೆನ್ಸ್ ಎಂಬ ಬ್ಲೆಂಡ್ ಮೋಡ್ ಇದ್ದರೆ ಇನ್ನೂ ಒಳ್ಳೆಯದು. ಅದರಲ್ಲಿ ಕೂಡಿದ ಅಂಚು ಕಪ್ಪಾಗಿ ಮಾಯವಾಗುತ್ತದೆ, ಕೂಡದ ಅಂಚು ಬಿಳಿ ಗೆರೆಯಾಗಿ ಉಳಿಯುತ್ತದೆ. ಕಂಬದ ಸುತ್ತ ಮತ್ತು ಕಿಟಕಿಯ ಸುತ್ತ ಎರಡೂ ಕಡೆ ಗೆರೆ ತೆಳುವಾದರೆ ನಿಮ್ಮ ನೂಲು ಸುಳ್ಳು ಹೇಳಿಲ್ಲ. ಒಂದು ಕಡೆ ಮಾತ್ರ ದಪ್ಪ ಗೆರೆ ಉಳಿದಿದ್ದರೆ ಎಡಿಟಿಂಗ್ ಬಿಟ್ಟು ಟ್ರೈಪಾಡಿನ ಹತ್ತಿರ ಹೋಗಿ, ಹಾಗಾಗಿ ಈ ಪರೀಕ್ಷೆಯನ್ನು ಮನೆಯಲ್ಲೇ, ಟ್ರೈಪಾಡ್ ಕದಲಿಸುವ ಮುಂಚೆಯೇ ಒಮ್ಮೆ ಮಾಡಿಬಿಡಿ.

ಕೊನೆಯದಾಗಿ ಉಳಿಯುವುದು ತಮ್ಮನ ಕೈನಡುಕ. ಹಳೆಯದು ಅಲುಗುತ್ತಾ ಇದ್ದು ಹೊಸದು ಬಂಡೆಯಂತೆ ನಿಂತಿದ್ದರೆ ಜೋಡಣೆ ಸರಿಯಿದ್ದರೂ ಮುರಿದಂತೆ ಕಾಣುತ್ತದೆ. ಹಳೆಯದನ್ನು ಒಂದೇ ಫ್ರೇಮಿನಲ್ಲಿ ಹಿಡಿದು ನಿಲ್ಲಿಸುವುದು ಸುಲಭ, ಆದರೆ ಅದು ಸತ್ತ ಫೋಟೊದಂತೆ ಕಾಣುವುದರಿಂದ ನನಗೆ ಇಷ್ಟವಿಲ್ಲ. ಆ್ಯಪ್‌ನ ಸ್ಟೆಬಿಲೈಸ್ ಸೌಲಭ್ಯದಿಂದ ತಮ್ಮ ನಿಂತಿದ್ದ ಆ ಎರಡು ಸೆಕೆಂಡನ್ನು ಮಾತ್ರ ಅಲುಗಾಟವಿಲ್ಲದಂತೆ ಮಾಡಿ, ನೀವು ಪ್ರಿಂಟ್ ತೆಗೆಸಿದ ಫ್ರೇಮ್ ಸರಿಯಾಗಿ ಎಲ್ಲಿದೆಯೋ ಅಲ್ಲಿ ಅರ್ಧ ಸೆಕೆಂಡಿನಲ್ಲಿ ಹಳೆಯದನ್ನು ಕರಗಿಸಿ ಹೊಸದನ್ನು ತನ್ನಿ. ಸ್ಟೆಬಿಲೈಸ್ ಮಾಡಿದಾಗ ಹಳೆಯ ಚಿತ್ರ ತುಸು ಹಿಗ್ಗುತ್ತದೆ, ಆದ್ದರಿಂದ ಆ ಕೆಲಸ ಮುಗಿದ ಮೇಲೆಯೇ ಹೊಸದರ ಅಳತೆಯನ್ನು ಅದಕ್ಕೆ ಕೂಡಿಸಬೇಕು.